ಕಣದ ಮೆಣಸು ಮತ್ತು ಕಳ್ಳನ ಲೆಕ್ಕ

ಸಕಲೇಶಪುರದ ಹತ್ತಿರ ನಮ್ಮ ಭಾವನ ತೋಟ. ಎರಡು ವರ್ಷದ ಹಿಂದೆ ಮೆಣಸಿನ ಸೀಸನ್‌ನಲ್ಲಿ ಕಣದಿಂದ ಒಂದು ಮೂಟೆ ಹೋಯಿತು. ಮಾರನೇ ದಿನವೇ ಭಾವ ಪೇಂಟರನ್ನು ಕರೆಸಿ ಗೇಟಿಗೆ ಬೋರ್ಡ್ ಬರೆಸಿದರು: 'ಕಳ್ಳತನ ಮಾಡಿದವರಿಗೆ ಕಠಿಣ ಶಿಕ್ಷೆ.' ಅಕ್ಷರ ಕೆಂಪು, ಪಕ್ಕದಲ್ಲಿ ಬೇಡಿಯ ಚಿತ್ರ. ಮೂರು ವಾರಕ್ಕೆ ಇನ್ನೊಂದು ಮೂಟೆ ಹೋಯಿತು.

ಬೋರ್ಡ್ ಯಾಕೆ ಕೆಲಸ ಮಾಡಲಿಲ್ಲ? ಅಪರಾಧಶಾಸ್ತ್ರದಲ್ಲಿ ಇದಕ್ಕೆ ಹಳೆಯ ಉತ್ತರವೊಂದಿದೆ. ಶಿಕ್ಷೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಅನ್ನುವುದೇ ಹೆಚ್ಚು ಜನರನ್ನು ತಡೆಯುತ್ತದೆ ಎಂದು ಇಟಲಿಯ ಬೆಕಾರಿಯಾ 1764ರಲ್ಲೇ ಬರೆದಿದ್ದ. ಅದನ್ನು ನಿಮ್ಮ ಕಣಕ್ಕೆ ಹಾಕಿ ನೋಡುವುದು ಹೇಗೆ ಅನ್ನುವುದು ಈ ಲೇಖನ.

ಮೊದಲು ಕಳ್ಳನ ಜಾಗದಲ್ಲಿ ಕೂತು ಲೆಕ್ಕ ಹಾಕಿ

ಒಂದು ಕಾಗದ ತೆಗೆದುಕೊಳ್ಳಿ. 50 ಕಿಲೋ ಮೂಟೆ, ಕಿಲೋಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಕಳ್ಳನಿಗೆ ಅಷ್ಟು ಸಿಗುವುದಿಲ್ಲ. ಬಿಲ್ ಇಲ್ಲದೆ ಕೊಳ್ಳುವವನು 400 ಕೊಟ್ಟರೆ ಕೈಗೆ ಬರುವುದು 20 ಸಾವಿರ. ಸಿಕ್ಕಿಬಿದ್ದರೆ ಆಗುವ ನಷ್ಟ, ಅಂದರೆ ವಕೀಲರ ಫೀಸು, ಹೋದ ಕೂಲಿ, ಊರಲ್ಲಿ ಕಳೆದ ಮಾನ ಎಲ್ಲ ಸೇರಿ ಅವನ ಮನಸ್ಸಲ್ಲಿ 2 ಲಕ್ಷ ಅಂದುಕೊಳ್ಳೋಣ. 50 ಸಲ ಕದ್ದರೆ ಒಂದು ಸಲ ಸಿಕ್ಕಿಬೀಳಬಹುದು ಅನ್ನುವುದು ಅವನ ಅಂದಾಜು. ಹಾಗಾದರೆ ಒಂದು ಸಲದ ಅಪಾಯದ ಬೆಲೆ 2 ಲಕ್ಷದಲ್ಲಿ ಐವತ್ತನೇ ಒಂದು ಪಾಲು, 4 ಸಾವಿರ. ಲಾಭ 20 ಸಾವಿರ, ಅಪಾಯ 4 ಸಾವಿರ. ಬರದೆ ಇರುತ್ತಾನಾ?

ಈಗ ಶಿಕ್ಷೆಯನ್ನು ಎರಡು ಪಟ್ಟು ಮಾಡಿ. ಅಪಾಯ 8 ಸಾವಿರ. ಶಿಕ್ಷೆ ಹಾಗೇ ಇರಲಿ, ಸಿಕ್ಕಿಬೀಳುವ ಸಾಧ್ಯತೆಯನ್ನು 25ಕ್ಕೆ ಒಂದು ಮಾಡಿ. ಆಗಲೂ 8 ಸಾವಿರವೇ! ಕಾಗದದ ಮೇಲೆ ಎರಡೂ ಒಂದೇ. 1968ರಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅಪರಾಧವನ್ನು ಹೀಗೇ ಲಾಭ ನಷ್ಟದ ಲೆಕ್ಕವಾಗಿ ಬರೆದರು. ತರ್ಕಬದ್ಧ ಆಯ್ಕೆ ಅಂದರೆ ಇದೇ. ಆದರೆ ನಿಜವಾದ ಕಳ್ಳರ ವಿಷಯದಲ್ಲಿ ಈ ಎರಡು ದಾರಿ ಒಂದೇ ಅಲ್ಲ.

ಕಾಗದದ ಲೆಕ್ಕ ಎಲ್ಲಿ ಜಾರುತ್ತದೆ ನೋಡಿ

ಭಾರತೀಯ ನ್ಯಾಯ ಸಂಹಿತೆಯಲ್ಲಿ ಬಯಲು ಕಣದಿಂದ ಕದ್ದರೆ 303ನೇ ಸೆಕ್ಷನ್, 3 ವರ್ಷದವರೆಗೆ ಜೈಲು. ಸಾಮಾನು ಇಡುವ ಕಟ್ಟಡದ ಒಳಗಿಂದ ಕದ್ದರೆ 305, 7 ವರ್ಷದವರೆಗೆ. ರಾತ್ರಿ ಹನ್ನೆರಡಕ್ಕೆ ಬೇಲಿ ಹಾರುವವನು 'ಗೋಡೌನ್ ಬೇಡ ಮಾರಾಯ, ಕಣದಲ್ಲಾದರೆ ನಾಲ್ಕು ವರ್ಷ ಕಡಿಮೆ' ಅಂತ ಯೋಚಿಸುತ್ತಾನಾ? ಅವನಿಗೆ ಸೆಕ್ಷನ್ ಗೊತ್ತಿಲ್ಲ. ಗೊತ್ತಿದ್ದರೂ ಕೇಸು ಮುಗಿಯುವುದು ಯಾವ ಕಾಲಕ್ಕೋ. ಅವನು ನೋಡುವುದು ನಾಯಿ ಬೊಗಳುತ್ತಾ, ದೀಪ ಇದೆಯಾ, ತೋಟದ ಲೆಕ್ಕ ಬರೆಯುವ ರೈಟರ್ ಮನೆಯಲ್ಲಿ ಯಾರಾದರೂ ಎದ್ದಿದ್ದಾರಾ ಅನ್ನುವುದನ್ನು.

ಇನ್ನೂ ಒಂದಿದೆ. ಶಿಕ್ಷೆ ತೀರಾ ಜಾಸ್ತಿಯಾದರೆ ಖಚಿತತೆಯೇ ಕಡಿಮೆಯಾಗುತ್ತದೆ. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ 200ಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆ ಇತ್ತು. ನಕಲಿ ಸಹಿ, ನಕಲಿ ನೋಟಿಗೂ ಗಲ್ಲು. ಒಂದು ಕಾಗದಕ್ಕೆ ಜೀವ ತೆಗೆಯುವುದಾ ಎಂದು ಜ್ಯೂರಿಯವರು ತಪ್ಪಿತಸ್ಥ ಅನ್ನಲು ಹಿಂಜರಿಯುತ್ತಿದ್ದರು. ಕೊನೆಗೆ 1830ರಲ್ಲಿ ಬ್ಯಾಂಕಿನವರೇ ಗಲ್ಲು ತೆಗೆಯಿರಿ ಎಂದು ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು. ನಮ್ಮಲ್ಲೂ ಇದರ ಸಣ್ಣ ರೂಪ ಉಂಟು. 'ಜೈಲಿಗೆ ಹೋದರೆ ಮಕ್ಕಳ ಗತಿ ಏನು' ಎಂದು ಊರಿನ ಹಿರಿಯರು ಸೇರಿ ರಾಜಿ ಮಾಡಿಸುವುದನ್ನು ಎಷ್ಟು ಸಲ ನೋಡಿಲ್ಲ?

ಕಳುವಾಗಿದ್ದು ಅದೇ ದಿನ ಗೊತ್ತಾಗುವಂತೆ ಮಾಡಿ

ನನ್ನ ಪ್ರಕಾರ ಮುಖ್ಯ ಹೆಜ್ಜೆ ಇದು. ಕ್ಯಾಮೆರಾಕ್ಕೆ ಮೊದಲು ಇದನ್ನು ಮಾಡಿ.

ಮೆಣಸಿನ ತೊಂದರೆ ಏನೆಂದರೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. 100 ಕಿಲೋ ಹಸಿ ಕಾಳು ಒಣಗಿದರೆ ಸುಮಾರು 33 ಕಿಲೋ. ಈ ಮೂರನೇ ಎರಡು ಪಾಲಿನ ಮರೆಯಲ್ಲಿ ದಿನಕ್ಕೆ ಐದು ಕಿಲೋ ಹೋದರೆ 'ಬಿಸಿಲು ಜೋರಿತ್ತು' ಅಂದುಕೊಂಡು ಸುಮ್ಮನಾಗುತ್ತೇವೆ. ಕಳುವಾಗಿದೆ ಎಂದೇ ಗೊತ್ತಾಗದಿದ್ದರೆ ಸಿಕ್ಕಿಬೀಳುವ ಸಾಧ್ಯತೆ ಸೊನ್ನೆ. ಸೊನ್ನೆಯನ್ನು 7 ವರ್ಷದಿಂದ ಗುಣಿಸಿದರೂ ಸೊನ್ನೆ.

ಹಾಗಾಗಿ ತೂಕ ನಂಬಬೇಡಿ. ನಮ್ಮಜ್ಜ ಭತ್ತದ ರಾಶಿಯ ಸುತ್ತ ಒಲೆಬೂದಿಯ ಗೆರೆ ಎಳೆಯುತ್ತಿದ್ದರು. ನಾವು ಪೂಜೆ ಅಂದುಕೊಂಡಿದ್ದೆವು. ರಾಶಿಗೆ ಕೈ ಹಾಕಿದರೆ ಗೆರೆ ಕೆಡುತ್ತದೆ, ಅಷ್ಟೇ. ಭಾವನೂ ಅದನ್ನೇ ಮಾಡಿದರು. ಸಂಜೆ ಮೆಣಸನ್ನು ಒಟ್ಟು ಮಾಡಿ, ಟಾರ್ಪಾಲು ಹಾಕುವ ಮೊದಲು ರಾಶಿಯ ಮೇಲೆ ಹಲುಬೆಯಿಂದ ಅಡ್ಡಡ್ಡ ಗೀರು. ಪ್ರತಿದಿನ ಬೇರೆ ಥರ. ರೈಟರ ಮೊಬೈಲಲ್ಲಿ ಒಂದು ಫೋಟೊ. ಬೆಳಗ್ಗೆ ಟಾರ್ಪಾಲು ತೆಗೆದ ಕೂಡಲೇ ಫೋಟೊ ಜೊತೆ ಹೋಲಿಸುವುದು. ಒಣಗಿದ ಮೆಣಸನ್ನು ಅದೇ ದಿನ ತೂಗಿ, ಮೂಟೆಗೆ ನಂಬರ್ ಬರೆದು, ರಾತ್ರಿ ಎಣಿಸಿ ಬೀಗ. ಇದನ್ನೆಲ್ಲ ಎಲ್ಲರ ಕಣ್ಣೆದುರೇ ಮಾಡಬೇಕು. ಕಳ್ಳನನ್ನು ತಡೆಯುವುದು ನಿಜವಾದ ಅಪಾಯ ಅಲ್ಲ, ಅವನು ಊಹಿಸುವ ಅಪಾಯ. ಗುಟ್ಟಾಗಿ ಕಾಯುವುದರಿಂದ ಹಿಡಿಯಬಹುದು, ತಡೆಯಲಾಗುವುದಿಲ್ಲ.

ಕಳ್ಳತನ ಅಂದ ಕೂಡಲೇ ಕೂಲಿಯವರ ಲೈನ್‌ಮನೆ ಕಡೆ ಕಣ್ಣು ಹಾಯಿಸುವವರಿದ್ದಾರೆ. ಗೀರು ಯಾವ ರಾತ್ರಿ ಕೆಟ್ಟಿತು ಎಂದು ಗೊತ್ತಾದರೆ ಅಂಥ ಸುಮ್ಸುಮ್ನೆ ಅನುಮಾನವೂ ಕಡಿಮೆಯಾಗುತ್ತದೆ.

ಕಾವಲಿನ ಹೊತ್ತು ಬದಲಿಸಿ

ಭಾವನ ವಾಚ್‌ಮನ್ ಹತ್ತಕ್ಕೆ ಒಂದು ಸುತ್ತು, ಎರಡಕ್ಕೆ ಒಂದು ಸುತ್ತು ಹಾಕುತ್ತಿದ್ದ. ತಪ್ಪಿದ್ದೇ ಇಲ್ಲ. ಅದೇ ತೊಂದರೆ. ನಡುವಿನ ನಾಲ್ಕು ಗಂಟೆ ಖಾಲಿ ಎಂದು ಎಲ್ಲರಿಗೂ ಗೊತ್ತು. ಅಮೆರಿಕದ ಮಿನಿಯಾಪೊಲಿಸ್‌ನ ಪೊಲೀಸ್ ಗಸ್ತಿನ ಮಾಹಿತಿ ನೋಡಿ ಕ್ರಿಸ್ಟೊಫರ್ ಕೋಪರ್ 1995ರಲ್ಲಿ ಒಂದು ವಿಷಯ ತೋರಿಸಿದರು. ಅಪರಾಧ ಹೆಚ್ಚಿರುವ ಜಾಗದಲ್ಲಿ 10ರಿಂದ 15 ನಿಮಿಷ ನಿಂತು ಹೋದರೆ, ಪೊಲೀಸರು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲಿ ಶಾಂತಿ ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ನಿಂತರೆ ಪ್ರಯೋಜನ ಹೆಚ್ಚುತ್ತಾ ಹೋಗುವುದಿಲ್ಲ. ಅದು ಪಟ್ಟಣದ ರಸ್ತೆ, ನಮ್ಮದು ತೋಟ. ಆದರೂ ಭಾವ ಪ್ರಯತ್ನಿಸಿದರು. ಚೀಟಿ ಎತ್ತಿ ಹೊತ್ತು ಗೊತ್ತು ಮಾಡುವುದು, ಕಣದಲ್ಲಿ ಕಾಲು ಗಂಟೆ ಬ್ಯಾಟರಿ ಹಿಡಿದು ಕೂರುವುದು, ಎದ್ದು ಹೋಗುವುದು. ಕೆಲವು ದಿನ ಒಂದೇ ಗಂಟೆಯಲ್ಲಿ ಎರಡು ಸಲ.

ಫಲ ಸಿಕ್ಕಿತಾ ಎಂದು ಹೇಗೆ ತಿಳಿಯುವುದು?

ಇಲ್ಲಿ ಮೋಸ ಹೋಗುವುದು ಸುಲಭ. ಮೆಣಸು ಮಾರಾಟವಾಗಿ ಕಣ ಖಾಲಿಯಾದ ಮೇಲೆ ಕಳ್ಳತನ ತಾನಾಗಿಯೇ ನಿಲ್ಲುತ್ತದೆ. ಅದರ ಕೀರ್ತಿ ಗೀರಿಗೆ ಕೊಡಬೇಡಿ. ಹೋದ ವರ್ಷದ ಅದೇ ವಾರಗಳ ಜೊತೆ ಹೋಲಿಸಿ. ನಕಲಿ ಕ್ಯಾಮೆರಾ ಹಾಕಿದವರಿಗೂ ಮೊದಲ ಕೆಲವು ವಾರ ಚೆನ್ನಾಗಿಯೇ ಇರುತ್ತದೆ. ಅದು ನಕಲಿ ಎಂದು ತಿಳಿದ ದಿನ ಕಳ್ಳನ ಅಂದಾಜು ಮತ್ತೆ 50ಕ್ಕೆ ಒಂದು. ಕುಡಿದ ಮತ್ತಿನಲ್ಲಿ, ಹಳೆ ದ್ವೇಷದಲ್ಲಿ ಬರುವವನು ಯಾವ ಲೆಕ್ಕವನ್ನೂ ಸರಿಯಾಗಿ ಹಾಕುವುದಿಲ್ಲ. ಅವನಿಗೆ ಬೀಗವೇ ಗತಿ.

ಪಕ್ಕದ ತೋಟದವರನ್ನೂ ಕೇಳಿ. ಭಾವನ ಕಣದಲ್ಲಿ ಕಳೆದ ಸೀಸನ್‌ನಲ್ಲಿ ಒಂದು ರಾತ್ರಿಯೂ ಗೀರು ಕೆಡಲಿಲ್ಲ. ಖುಷಿಯಲ್ಲಿದ್ದರು. ಆಮೇಲೆ ಗೊತ್ತಾಯಿತು, ಅದೇ ಹೊತ್ತಿನಲ್ಲಿ ಹಳ್ಳದ ಆಚೆಯವರ ತೋಟದಲ್ಲಿ ಬಳ್ಳಿಯಿಂದಲೇ ಹಸಿ ಗೊಂಚಲು ಕಿತ್ತುಕೊಂಡು ಹೋಗಿದ್ದರು. ಈ ವರ್ಷ ಎರಡೂ ತೋಟಕ್ಕೆ ಸೇರಿ ಒಂದೇ ಚೀಟಿ ಡಬ್ಬಿ. ಬೋರ್ಡ್ ಇನ್ನೂ ಗೇಟಿನಲ್ಲೇ ಇದೆ, ಬೇಡಿಯ ಬಣ್ಣ ಅರ್ಧ ಉದುರಿದೆ.