ತಮ್ಮನ ಬೆಟ್ಟಿಂಗ್ ಸಾಲ, ಭಾನುವಾರದ ಲೆಕ್ಕದ ಪುಸ್ತಕ

ಮೊದಲ ಸಲ ನಾನು ಮಾಡಿದ್ದು ತಪ್ಪು. 2024ರ ಜೂನ್. ಐಪಿಎಲ್ ಮುಗಿದು ಎರಡು ವಾರ ಆಗಿತ್ತು. ಮೈಸೂರಿನಿಂದ ಮಂಡ್ಯಕ್ಕೆ ಬಂದ ತಮ್ಮ ತಟ್ಟೆ ಮುಂದೆ ಮುದ್ದೆ ಮುರಿಯದೆ ಕೂತಿದ್ದ. "ಅಕ್ಕ, ತೊಂಬತ್ತು ಸಾವಿರ ಬೇಕು. ಬೆಟ್ಟಿಂಗಲ್ಲಿ ಹೋಯ್ತು. ಇನ್ ಮುಟ್ಟಲ್ಲ ಕಣಕ್ಕ" ಅಂದ. ಅವ್ವನ ಕಿವಿಗೆ ಬೀಳುವ ಮೊದಲು ಮುಗಿದುಹೋಗಲಿ ಅಂತ ಚೀಟಿ ಎತ್ತಿ, ಅಷ್ಟನ್ನೂ ಅವನ ಖಾತೆಗೆ ಹಾಕಿಬಿಟ್ಟೆ.

ಅವನು ಮೋಸ ಮಾಡಲಿಲ್ಲ. ಆ ದುಡ್ಡಲ್ಲಿ ಲೋನ್ ಆ್ಯಪ್‌ಗಳ ಸಾಲವನ್ನೇ ತೀರಿಸಿದ. ಆದರೆ ತೀರಿಸಿದ ಮೂರನೇ ದಿನಕ್ಕೆ ಅದೇ ಆ್ಯಪ್‌ನಿಂದ ಮೆಸೇಜು: ನಿಮ್ಮ ಮಿತಿ ಹೆಚ್ಚಾಗಿದೆ, ಎರಡೇ ನಿಮಿಷದಲ್ಲಿ ಹಣ. ನಾನು ಸಾಲ ತೀರಿಸಿದೆ ಅಂದುಕೊಂಡಿದ್ದೆ. ನಿಜವಾಗಿ ಆಗಿದ್ದು ಬತ್ತಿದ ಬಾವಿಗೆ ಮತ್ತೆ ನೀರು ಬಿಟ್ಟ ಹಾಗೆ. ಹಳೇ ಸಾಲ ಕಟ್ಟಿದ್ದರಿಂದ ಅವನಿಗೆ ಸಾಲ ಹುಟ್ಟುವ ಯೋಗ್ಯತೆ ಹೆಚ್ಚಿತು, ಹೋದದ್ದನ್ನು ವಾಪಸ್ ಗೆದ್ದು ನನ್ನ ತೊಂಬತ್ತು ಸಾವಿರ ಹಿಂದಿರುಗಿಸುವ ಹಟವೂ ಸೇರಿಕೊಂಡಿತು. ಜೂಜಿನ ಚಟವನ್ನು ಗುರುತಿಸಲು ಮನೋವೈದ್ಯರು ಬಳಸುವ ಒಂಬತ್ತು ಲಕ್ಷಣಗಳ ಪಟ್ಟಿಯಲ್ಲಿ, ಕೈಖಾಲಿಯಾದಾಗ ಬೇರೆಯವರ ಹಣದಿಂದ ಪಾರಾಗುವುದೂ ಒಂದು ಅಂತ ಆಮೇಲೆ ಗೊತ್ತಾಯಿತು. ಅಂದರೆ ಆ ಪಟ್ಟಿಯಲ್ಲಿ ನಾನೂ ಇದ್ದೆ.

2025ರ ಜನವರಿಯಲ್ಲಿ ಎರಡನೇ ಸಲ ಬಂದ. ಈ ಸಲ ಎರಡು ಲಕ್ಷ ಅಂದ.

ಬಾಯಿಗೆ ಏನೇನೋ ಬಂತು. ಮೊದಲು ಟೀ ಇಟ್ಟೆ, ಕುದಿಯುವಷ್ಟು ಹೊತ್ತು ಸಿಕ್ಕಿತು. ಆಮೇಲೆ ಕೇಳಿದ ಮೊದಲ ಪ್ರಶ್ನೆ ದುಡ್ಡಿನದ್ದಲ್ಲ. "ಸಾಯೋ ಯೋಚನೆ ಏನಾದ್ರೂ ಬಂದಿತ್ತೇನ್ಲಾ?" ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಅಂತ ನಮ್ಮ ಕಡೆ ಹೆದರುತ್ತಾರೆ. ಹಾಗೇನೂ ಇಲ್ಲ. ಅವನು ಲೋಟ ನೋಡುತ್ತಾ "ಒಂದೆರಡ್ ಸಲ ಬಂದಿತ್ತು ಕಣಕ್ಕ" ಅಂದ. ಆ ರಾತ್ರಿಯೇ 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಹೊರಗೆ ಜಗಲಿ ಮೇಲೆ ಕೂತೆ, ಅವನು ಒಳಗೆ ಅರ್ಧ ಗಂಟೆ ಮಾತಾಡಿದ. ಮುಂದಿನ ವಾರ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಇಬ್ಬರೂ ಹೋದೆವು.

ಅವ್ವನಿಗೆ ಹೇಳಲೇಬೇಕಾಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ. ಅವಳು ಅತ್ತಳು, ಆಮೇಲೆ "ಧರ್ಮಸ್ಥಳಕ್ಕೆ ಕರ್ಕಂಡೋಗಿ ಆಣೆ ಮಾಡ್ಸು" ಅಂತ ಹಟ ಹಿಡಿದಳು. ನಾನು ಒಪ್ಪಲಿಲ್ಲ. ದೇವರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಈ ಚಟದಲ್ಲಿ ಬಿಟ್ಟವನು ಒಂದೋ ಎರಡೋ ಸಲ ಜಾರುವುದು ಸಾಮಾನ್ಯ. ಮಂಜುನಾಥನ ಮೇಲೆ ಆಣೆ ಮಾಡಿ ಜಾರಿದವನು ಅದನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ? ಮುಚ್ಚಿಡುತ್ತಾನೆ. ಮುಚ್ಚಿಡಲು ಮತ್ತೆ ಸಾಲ. ನನಗೆ ಬೇಕಿದ್ದದ್ದು ಪ್ರಮಾಣ ಅಲ್ಲ, ಜಾರಿದ ದಿನವೇ ಬಂದು ಹೇಳುವ ಧೈರ್ಯ.

ಈಗ ಎರಡು ಲಕ್ಷದ ವಿಷಯ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಸಾಲಗಾರ ಬಾಯಲ್ಲಿ ಹೇಳುವ ಮೊತ್ತ ಯಾವತ್ತೂ ಪೂರ್ತಿ ಇರುವುದಿಲ್ಲ ಅನ್ನೋದು ಗೊತ್ತು. ಸುಳ್ಳು ಹೇಳಬೇಕು ಅಂತಲ್ಲ, ನಾಚಿಕೆ ಹೆಚ್ಚಿರುವ ಸಾಲ ಕೊನೆಗೆ ಹೊರಗೆ ಬರುತ್ತೆ. ಒಂದು ಭಾನುವಾರ ನೂರು ಪುಟದ ಉದ್ದ ನೋಟ್‌ಬುಕ್ ತಂದು, ಅವನ ಕೈಲೇ ಬರೆಸಿದೆ. "ಈಗ ಜ್ಞಾಪಕ ಬಂದಷ್ಟು ಬರಿ. ಬಾಕಿದ್ದು ವಾರ ಬಿಟ್ಟು ಹೇಳಿದ್ರೂ ಬೈಯಲ್ಲ" ಅಂದೆ. ಜೊತೆಗೆ ಅವನದೇ ಫೋನಿನಲ್ಲಿ ಸಿಬಿಲ್ ರಿಪೋರ್ಟ್ ತೆಗೆಸಿದೆ. ವರ್ಷಕ್ಕೆ ಒಂದು ಸಲ ಪುಕ್ಕಟೆ ಸಿಗುತ್ತೆ. ಬ್ಯಾಂಕು, ಫೈನಾನ್ಸು, ಕ್ರೆಡಿಟ್ ಕಾರ್ಡಿನ ಸಾಲಗಳು ಅದರಲ್ಲಿ ಸಿಗುತ್ತವೆ. ಬ್ಯಾಂಕ್ ಲೋನ್ 2,10,000, ಕಾರ್ಡಿನಲ್ಲಿ 64,000, ಮೂರು ಆ್ಯಪ್‌ಗಳಲ್ಲಿ ಒಟ್ಟು 75,000. ಅಲ್ಲಿಗೇ ಮೂರೂವರೆ ಲಕ್ಷ.

ರಿಪೋರ್ಟಿಗೆ ಸಿಗದ ಸಾಲ ಬೇರೆ ಇರುತ್ತೆ. ಅದು ಬಾಯಲ್ಲೇ ಬರಬೇಕು. ಆ ಭಾನುವಾರ ಸ್ನೇಹಿತರ ಕೈಸಾಲ 55,000 ಬಂತು. ಮುಂದಿನ ಭಾನುವಾರ ಮೀಟರ್ ಬಡ್ಡಿಯವನ 40,000, ಬೆಟ್ಟಿಂಗ್ ಏಜೆಂಟಿನ 45,000. ಮೂರನೇ ಭಾನುವಾರ ಹೊರಟು ಗೇಟಿನ ತನಕ ಹೋದವನು ವಾಪಸ್ ಬಂದು, ಅವ್ವನ ಸರ ಗಿರವಿ ಅಂಗಡಿಯಲ್ಲಿ 80,000ಕ್ಕೆ ಇದೆ ಅಂದ. ಮದುವೆಗೆ ಪಾಲಿಷ್ ಮಾಡಿಸ್ತೀನಿ ಅಂತ ಒಯ್ದಿದ್ದನಂತೆ. ಅವ್ವನಿಗೆ ಹೇಳಬೇಕಾಗಿ ಬಂದದ್ದು ಅದಕ್ಕೇ. ಒಟ್ಟು 5,69,000. ಮೊದಲ ದಿನವೇ ಎರಡು ಲಕ್ಷ ಕೊಟ್ಟು ಕೈತೊಳೆದುಕೊಂಡಿದ್ದರೆ ಬಾಕಿ 3,69,000 ಕತ್ತಲಲ್ಲೇ ಬೆಳೆಯುತ್ತಿತ್ತು.

ತೀರಿಸುವುದಕ್ಕೆ ಮೊದಲು ಸಾಲ ಹುಟ್ಟುವ ಬಾಯಿಗಳನ್ನು ಮುಚ್ಚಬೇಕಿತ್ತು. ಕಾರ್ಡನ್ನು ಬ್ಲಾಕ್ ಮಾಡಿಸಿ ಬಾಕಿಯನ್ನು ಕಂತಿಗೆ ಹಾಕಿಸಿದ. ಯುಪಿಐನಲ್ಲಿ ಆಟೋಪೇ ಅಂತ ಇರುತ್ತೆ, ಅದರಲ್ಲಿ ಎರಡು ಗೇಮಿನ ಅನುಮತಿ ಇನ್ನೂ ಜೀವಂತವಾಗಿದ್ದವು, ರದ್ದು ಮಾಡಿದ. ಸಂಬಳದ ಖಾತೆಯನ್ನು ಯುಪಿಐಯಿಂದ ಬಿಡಿಸಿ, ಎಟಿಎಂ ಕಾರ್ಡನ್ನು ನನ್ನ ಕೈಗೆ ಕೊಟ್ಟ. ವಾರದ ಖರ್ಚಿಗೆ ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಸಣ್ಣ ಖಾತೆ, ಯುಪಿಐ ಅದಕ್ಕೆ ಮಾತ್ರ. ಇದನ್ನೆಲ್ಲ ಮಾಡಿದ್ದು ಅವನ ಬೆರಳೇ. ನಾನು ಫೋನ್ ಕಿತ್ತುಕೊಂಡು ಮಾಡಿದ್ದರೆ ಇನ್ನೊಂದು ಸಿಮ್ ಕೊಳ್ಳಲು ಎಷ್ಟು ಹೊತ್ತು ಬೇಕು?

ನಾನು ದುಡ್ಡು ಹಾಕಿದ್ದು ಎರಡಕ್ಕೆ. ಅವ್ವನ ಸರ ಬಿಡಿಸಿದೆ, ಗಿರವಿ ಅಂಗಡಿಗೆ ನಾನೇ ಹೋಗಿ ಕಟ್ಟಿ, ಸರವನ್ನು ನೇರ ನನ್ನ ಲಾಕರಿಗೆ ಇಟ್ಟೆ. ಎರಡು ತಿಂಗಳ ರೂಮಿನ ಬಾಡಿಗೆಯನ್ನು ಓನರ್‌ಗೇ ಹಾಕಿದೆ. ಅವನ ಕೈಗೆ ಒಂದು ರೂಪಾಯಿಯೂ ಹೋಗಲಿಲ್ಲ. ಆ್ಯಪ್‌ಗಳ 75,000ಕ್ಕೆ ಬೈಕ್ ಮಾರುತ್ತೇನೆ ಅಂತ ಅವನೇ ಅಂದ. ನನಗೆ ಹೊಟ್ಟೆ ಉರಿಯಿತು, ಸುಮ್ಮನಿದ್ದೆ. ಬಂದ 72,000 ನನ್ನ ಖಾತೆಗೆ ಬಿತ್ತು, ಮೂರು ಸಾವಿರ ಅವನು ಸೇರಿಸಿದ, ಪಕ್ಕದಲ್ಲೇ ಕೂತು ಮೂರೂ ಆ್ಯಪ್ ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ಇಳಿಸಿಕೊಂಡು, ಖಾತೆ ಅಳಿಸುವ ತನಕ ಏಳಲಿಲ್ಲ. ಆ್ಯಪ್ ತೆಗೆದರೆ ಸಾಲದು, ಒಳಗೆ ಹೋಗಿ ಖಾತೆಯನ್ನೇ ಮುಚ್ಚಬೇಕು.

ಮೀಟರ್ ಬಡ್ಡಿಯವನ ಹತ್ತಿರ ನಮ್ಮ ಸೋದರಮಾವನನ್ನೂ ಕರೆದುಕೊಂಡು ಹೋದೆವು. ತಿಂಗಳಿಗೆ ನೂರಕ್ಕೆ ಹತ್ತು. ಲೈಸೆನ್ಸ್ ಇಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂದಿತ್ತು, ಪೇಪರಿನಲ್ಲೆಲ್ಲ ಅದೇ ಸುದ್ದಿ. ಮಾವ ಅದರ ಹೆಸರು ಎತ್ತಲಿಲ್ಲ, ಪೇಪರ್ ಮಾತ್ರ ಟೇಬಲ್ ಮೇಲೆ ಇಟ್ಟ. ಅಸಲು ಮಾತ್ರ, ತಿಂಗಳಿಗೆ ಐದು ಸಾವಿರದಂತೆ ಎಂಟು ಕಂತು ಅಂತ ಮುಗಿಯಿತು. ತಮ್ಮ ಓಟಿ ಮಾಡಿ ಕಟ್ಟಿದ.

ಏಜೆಂಟಿನ 45,000ಕ್ಕೆ ಒಂದು ಪೈಸೆಯೂ ಕೊಡಲಿಲ್ಲ. ಪಂದ್ಯದ ಪಣ ಕಾನೂನಿನ ಕಣ್ಣಲ್ಲಿ ಸಾಲವೇ ಅಲ್ಲ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅದನ್ನು ಕೋರ್ಟಿನಲ್ಲಿ ವಸೂಲಿ ಮಾಡುವ ಹಾಗಿಲ್ಲ. ಕಾನೂನು ನಮ್ಮ ಕಡೆ ಇದ್ದರೂ ಬೀದಿ ನಮ್ಮ ಕಡೆ ಇರಬೇಕಲ್ಲ, ಆ ಭಯ ಇತ್ತು. ಬಂದ ಕರೆ, ಮೆಸೇಜುಗಳನ್ನೆಲ್ಲ ಉಳಿಸಿಕೊಂಡೆವು, ಮನೆ ಬಾಗಿಲಿಗೆ ಬಂದರೆ 112 ಅಂತ ತೀರ್ಮಾನಿಸಿದ್ದೆವು. ಎರಡು ತಿಂಗಳು ಬೈದು ಸುಮ್ಮನಾದ. ಇದು ಎಲ್ಲರ ವಿಷಯದಲ್ಲೂ ಹೀಗೇ ಆಗುತ್ತೆ ಅಂತ ನಾನು ಹೇಳಲಾರೆ.

ನನಗೆ ಅತಿ ಕಷ್ಟವಾದದ್ದು ಸೋಮವಾರದಿಂದ ಶನಿವಾರದವರೆಗೆ ಬಾಯಿ ಕಟ್ಟಿಕೊಂಡಿರುವುದು. "ಆಡಿದ್ಯಾ? ಎಲ್ಲಿದೀಯ? ಫೋನ್ ಯಾಕೆ ಬಿಜಿ?" ಅಂತ ದಿನಾ ಕೇಳುವ ಆಸೆ. ಮೊದಲ ತಿಂಗಳು ಕೇಳಿದೆ ಕೂಡ. ಅವನು ನಗುತ್ತಾ "ಅಕ್ಕ, ನೀನು ಸ್ಟೇಷನ್ ಹಾಕ್ಬುಡು" ಅಂದ, ನಗು ಕಣ್ಣಿನ ತನಕ ಬಂದಿರಲಿಲ್ಲ. ಆಮೇಲೆ ಭಾನುವಾರ ಅರ್ಧ ಗಂಟೆ, ಪುಸ್ತಕ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಎದುರಿಗೆ ಇಟ್ಟುಕೊಂಡು ಮಾತ್ರ ಆ ವಿಷಯ. ಬೇರೆ ದಿನ ಕಬ್ಬಿನ ಬಿಲ್ಲು, ಮಗಳ ಪರೀಕ್ಷೆ, ಅವ್ವನ ಮಂಡಿ ನೋವು.

ಸ್ಟೇಟ್‌ಮೆಂಟಿನಲ್ಲಿ ಏನು ನೋಡಬೇಕು ಅಂತ ಅವನೇ ಕಲಿಸಿದ. ಬೆಟ್ಟಿಂಗ್ ದುಡ್ಡು ಕಂಪನಿ ಹೆಸರಿಗೆ ಹೋಗುವುದಿಲ್ಲ. ಗುರುತೇ ಇಲ್ಲದ ವ್ಯಕ್ತಿಗಳ ಹೆಸರಿಗೆ, ದಿನಕ್ಕೊಂದು ಹೆಸರು, 500, 1,000, 2,000 ಅಂತ ದುಂಡು ಮೊತ್ತ, ಮ್ಯಾಚ್ ಶುರುವಾಗುವ ಏಳೂವರೆ ಆಸುಪಾಸು. ಏಪ್ರಿಲ್‌ನ ಒಂದು ಭಾನುವಾರ ಅಂಥ ಎರಡು ಸಾಲುಗಳಿಗೆ ಅವನೇ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ತಂದಿದ್ದ. ನಾಲ್ಕು ಸಾವಿರ. "ಶುಕ್ರವಾರ ರಾತ್ರಿ. ರೂಮಿನ ಹುಡುಗ್ರು ಮ್ಯಾಚ್ ಹಾಕಿದ್ರು" ಅಂದ. ನಾನು ಬೈಯಲಿಲ್ಲ, ಆ ನಾಲ್ಕು ಸಾವಿರವನ್ನು ತುಂಬಿಕೊಡಲೂ ಇಲ್ಲ. ಆ ತಿಂಗಳು ಸ್ನೇಹಿತನೊಬ್ಬನಿಗೆ ಫೋನ್ ಮಾಡಿ, ಕಂತು ತಡ ಆಗುತ್ತೆ ಅಂತ ಅವನೇ ಹೇಳಬೇಕಾಯಿತು. ಮ್ಯಾಚಿನ ಸಂಜೆಗಳಲ್ಲಿ ಎರಡನೇ ಪಾಳಿ ಕೇಳಿ ಹಾಕಿಸಿಕೊಂಡ.

ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು ಹಣದ ಆನ್‌ಲೈನ್ ಆಟಗಳು ನಿಷೇಧವಾದವು, ಅವನು ಆಡುತ್ತಿದ್ದ ರಮ್ಮಿ ನಿಂತೇಹೋಯಿತು. ನನಗೆ ಖುಷಿಯೋ ಖುಷಿ. ಅವನು ತಲೆ ಆಡಿಸಿದ. "ರಮ್ಮಿ ನಿಂತೋಯ್ತು. ವಾಟ್ಸಾಪಲ್ಲಿ ಬೆಟ್ಟಿಂಗ್ ಐಡಿ ಕೊಡೋರು ನಿಂತಿಲ್ಲ ಕಣಕ್ಕ. ನಿನ್ನೇನೂ ಒಬ್ಬ ಹಾಯ್ ಅಂದ." ಆ ನಂಬರನ್ನು ನನ್ನೆದುರಿಗೇ ಬ್ಲಾಕ್ ಮಾಡಿದ.

ಪುಸ್ತಕ ಈಗ ಅವನ ರೂಮಿನಲ್ಲೇ ಇರುತ್ತೆ. ಮೀಟರ್ ಬಡ್ಡಿಯವನ ಎಂಟನೇ ಕಂತಿನ ಎದುರು ದಿನಾಂಕ ಬಿದ್ದಿದೆ. ಬ್ಯಾಂಕ್ ಲೋನು, ಕಾರ್ಡಿನ ಕಡೆಯ ಕಂತುಗಳು, ಒಬ್ಬ ಸ್ನೇಹಿತನ ಬಾಕಿ ಇನ್ನೂ ಇವೆ. ಗೌರಿ ಹಬ್ಬಕ್ಕೆ ಅವ್ವ ಸರ ಹಾಕಿಕೊಂಡಾಗ ಅವನು ಎದ್ದು ಹೊರಗೆ ಹೋದ. ಅವಳು ಹಿಂದೆಯೇ ಹೋಗಿ, ಏನೂ ಮಾತಾಡದೆ, ಒಂದು ಹೋಳಿಗೆ ಕೈಗಿಟ್ಟು ಬಂದಳು. ಸಂಜೆ ಸರ ಲಾಕರಿಗೆ ವಾಪಸ್ ಹೋಯಿತು. ಕೊನೆಯ ಪುಟದಲ್ಲಿ ಮೊನ್ನೆ ಅವನೇ ಹೊಸ ಸಾಲೊಂದು ಬರೆದಿದ್ದಾನೆ: ಅಕ್ಕ, 2024 ಜೂನ್, 90,000.