ರೇಟಿಂಗ್ ಮುಚ್ಚಿಟ್ಟರೂ ನಿಲ್ಲುವ ಇಂಟರ್‌ವ್ಯೂ ನೋಟ್: ನನ್ನ ಅನುಭವ

ಹೈರ್ ಅಥವಾ ನೋ ಹೈರ್ ಅಂತ ಹಾಕಿ ಎರಡು ಸಾಲು ಬರೆದರೆ ಸಾಲದೇ ಎಂದು ನಮ್ಮ ಪ್ಯಾನೆಲ್‌ನಲ್ಲೇ ಬಹಳ ಜನ ಕೇಳಿದ್ದರು. ಮಧ್ಯೆ ಟೈಪ್ ಮಾಡುತ್ತಿದ್ದರೆ ಕ್ಯಾಂಡಿಡೇಟ್ ಗಾಬರಿಯಾಗುತ್ತಾರೆ ಎಂಬ ಆಕ್ಷೇಪವೂ ಇತ್ತು. ಸುಮಾರು ಎಪ್ಪತ್ತು ಬ್ಯಾಕೆಂಡ್ ಕೋಡಿಂಗ್ ರೌಂಡ್ ಆದ ಮೇಲೆ ಈಗ ಅವರೇ, ನಡೆದದ್ದನ್ನು ಒಂದು ಕಡೆ, ತೀರ್ಮಾನವನ್ನು ಇನ್ನೊಂದು ಕಡೆ ಇಡುವ ನನ್ನ ಪದ್ಧತಿಯಲ್ಲಿ ಬರೆಯುತ್ತಿದ್ದಾರೆ. ರೌಂಡ್‌ಗಳಾದ ಮೇಲೆ ಪ್ಯಾನೆಲ್ ಕೂತು ತೀರ್ಮಾನಿಸುವ ಡಿಬ್ರೀಫ್ ಮುಕ್ಕಾಲು ಗಂಟೆ ಎಳೆಯುತ್ತಿತ್ತು, ಈಗ ಹೆಚ್ಚುಕಮ್ಮಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ.

ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ರೇಟಿಂಗ್ ಮುಚ್ಚಿ, ಆ ರೌಂಡಿನಲ್ಲಿ ಇಲ್ಲದ ಸಹೋದ್ಯೋಗಿಗೆ ನೋಟ್ ಕೊಡುವುದು. ಅದನ್ನಷ್ಟೇ ಓದಿ ಅವರು ನನ್ನ ತೀರ್ಮಾನಕ್ಕೇ ಬರಬೇಕು. ಮೊದಲ ಸಲ ಹತ್ತು ಹಳೆಯ ನೋಟ್ ಕೊಟ್ಟಾಗ ಹೊಂದಿದ್ದು ನಾಲ್ಕೋ ಐದೋ. ಈಗ ಹತ್ತಕ್ಕೆ ಎಂಟು ಒಂಬತ್ತು ಹೊಂದುತ್ತವೆ.

ಇದಕ್ಕೆ ಕೈಹಾಕಿದ್ದು ದುಡ್ಡು ಕಳೆದುಕೊಂಡ ಮೇಲೆ. ಕನ್ಸಲ್ಟೆನ್ಸಿ ಮೂಲಕ ತೆಗೆದುಕೊಂಡ ಒಬ್ಬರು ಐದನೇ ತಿಂಗಳಿಗೆ ಹೊರಗೆ ಹೋಗಬೇಕಾಯಿತು. ಪ್ಯಾಕೇಜ್ 30 ಲಕ್ಷದ ಆಸುಪಾಸು, ಕನ್ಸಲ್ಟೆನ್ಸಿ ಫೀ 8.33 ಪರ್ಸೆಂಟ್, ಮೇಲೆ 18 ಪರ್ಸೆಂಟ್ ಜಿಎಸ್‌ಟಿ: ಹತ್ತಿರ ಹತ್ತಿರ ಮೂರು ಲಕ್ಷ. ರಿಪ್ಲೇಸ್‌ಮೆಂಟ್ ಗಡುವು 90 ದಿನ, ಅದೂ ದಾಟಿತ್ತು. ನಾಲ್ಕು ರೌಂಡಿನ ನೋಟ್ ತೆಗೆದು ನೋಡಿದರೆ "ಶಾರ್ಪ್", "ಪ್ರಾಬ್ಲಮ್ ಸಾಲ್ವಿಂಗ್ ಚೆನ್ನಾಗಿದೆ", "ಸ್ಟ್ರಾಂಗ್ ಹೈರ್" ಅಷ್ಟೇ. ಯಾವ ರೌಂಡಿನಲ್ಲಿ ಏನು ತಪ್ಪಿಹೋಯಿತು ಎಂದು ಯಾರಿಗೂ ಹೇಳಲಾಗಲಿಲ್ಲ. ರಿಜೆಕ್ಟ್ ಆದವರ ನೋಟ್ ಇನ್ನೂ ಕಷ್ಟ. ಆರು ತಿಂಗಳ ಕೂಲಿಂಗ್ ಮುಗಿಸಿ ಮತ್ತೆ ಅರ್ಜಿ ಹಾಕಿದವರಿಗೆ ಹಳೆಯ ನೋಟ್‌ನಿಂದ ಏನೂ ಗೊತ್ತಾಗದೆ ಎಲ್ಲ ರೌಂಡನ್ನೂ ಮೊದಲಿಂದ ಮಾಡಿಸಿದ್ದೇವೆ.

ಈಗ ಪುಟವನ್ನು ಎರಡು ಕಾಲಂ ಮಾಡುತ್ತೇನೆ. ಎಡಕ್ಕೆ ನಡೆದದ್ದು ಮಾತ್ರ: ಗಂಟೆ, ಅವರು ಆಡಿದ ಮಾತು, ಬರೆದ ಕೋಡ್, ನಾನು ಕೊಟ್ಟ ಸುಳಿವು. ಬಲಗಡೆ ಇಂಟರ್‌ವ್ಯೂ ಮುಗಿಯುವ ತನಕ ಖಾಲಿ. ಮುಗಿದ ಇಪ್ಪತ್ತು ನಿಮಿಷದೊಳಗೆ ಅದನ್ನು ತುಂಬುತ್ತೇನೆ, ರೇಟಿಂಗ್ ಕೊನೆಗೆ. ರೇಟಿಂಗ್ ಮೊದಲು ಹಾಕಿದರೆ ಅದಕ್ಕೆ ಒಗ್ಗುವ ಸಾಕ್ಷಿ ಮಾತ್ರ ನೆನಪಾಗುತ್ತದೆ. ಸಬ್ಮಿಟ್ ಮಾಡುವ ತನಕ ಬೇರೆಯವರ ಫೀಡ್‌ಬ್ಯಾಕ್ ತೆರೆಯುವುದಿಲ್ಲ. ಟೈಪ್ ಮಾಡುವ ವಿಷಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ: "ನೀವು ಹೇಳಿದ್ದು ಮರೆಯಬಾರದು ಅಂತ ಬರ್ಕೊಳ್ತಾ ಇರ್ತೀನಿ." ಅಷ್ಟು ಹೇಳಿದ ಮೇಲೆ ಗಾಬರಿಯಾದವರನ್ನು ನಾನು ಕಂಡಿಲ್ಲ.

ಎಡ ಕಾಲಂನ ಜೀವಾಳ ಸುಳಿವಿನ ಲೆಕ್ಕ. "ಸ್ವಲ್ಪ ಹೆಲ್ಪ್ ಬೇಕಾಯಿತು" ಎಂದರೆ ಏನೂ ಹೇಳಿದಂತಾಗಲಿಲ್ಲ. ಸು1 ಎಂದರೆ ಜಾಗ ತೋರಿಸದೆ ಕೇಳಿದ ಪ್ರಶ್ನೆ. ಸು2 ಎಂದರೆ ಜಾಗ ತೋರಿಸಿದ್ದು. ಸು3 ಎಂದರೆ ಉತ್ತರವನ್ನೇ ಹೇಳಿಬಿಟ್ಟದ್ದು. ಒಂದೇ ಕೋಡ್ ಮುಟ್ಟಿದ ಇಬ್ಬರಲ್ಲಿ ಒಬ್ಬರು ಸುಳಿವಿಲ್ಲದೆ, ಇನ್ನೊಬ್ಬರು ಎರಡು ಸು3ರ ಮೇಲೆ ಮುಟ್ಟಿರಬಹುದು. ಕೊನೆಯ ಕೋಡ್ ನೋಡಿದರೆ ಅದು ಕಾಣುವುದಿಲ್ಲ.

ಒಂದು ಉದಾಹರಣೆ ಬಿಡಿಸುತ್ತೇನೆ. ಪ್ರಶ್ನೆ ರೇಟ್ ಲಿಮಿಟರ್: ಒಬ್ಬ ಯೂಸರ್‌ಗೆ ನಿಮಿಷಕ್ಕೆ 100 ರಿಕ್ವೆಸ್ಟ್ ಮಾತ್ರ. ಕ್ಯಾಂಡಿಡೇಟ್ ಮೊದಲು ಬರೆದದ್ದು:

```
key = (user, now // 60)
count[key] += 1
return count[key] <= 100
```

ನನ್ನ ಎಡ ಕಾಲಂ ಹೀಗಿತ್ತು. 10:21, ಮೇಲಿನ ಕೋಡ್ ಓಡಿತು. 10:24, ಸು1: "ಇದು ಯಾವಾಗ ತಪ್ಪಬಹುದು?" ಉತ್ತರ: "ನನಗೆ ಕಾಣ್ತಿಲ್ಲ." 10:26, ಸು2: "59ನೇ ಸೆಕೆಂಡಿಗೆ 100, 60ನೇ ಸೆಕೆಂಡಿಗೆ 100 ಬಂದರೆ?" ಎರಡು ನಿಮಿಷದಲ್ಲಿ "ಎರಡು ಸೆಕೆಂಡಿಗೆ 200 ಹೋಗಿಬಿಡುತ್ತೆ" ಎಂದು ಹೇಳಿ, ಸಮಯಗಳನ್ನು ಕ್ಯೂನಲ್ಲಿಟ್ಟು ಹಳೆಯದನ್ನು ಮುಂದಿನಿಂದ ತೆಗೆಯುವ ದಾರಿ ಹಿಡಿದರು. 10:39ಕ್ಕೆ ಅದೂ ಓಡಿತು. 10:44, ಸುಳಿವಿಲ್ಲದೆ: "ಸುಮ್ಮನಿರುವ ಯೂಸರ್‌ಗಳ ಕ್ಯೂ ಮ್ಯಾಪ್‌ನಲ್ಲೇ ಉಳಿಯುತ್ತೆ, ತೆಗೀಬೇಕು." 10:48, ಸು2: ಎರಡು ಥ್ರೆಡ್ ಒಟ್ಟಿಗೆ ಬಂದರೆ? ಇಡೀ ಮ್ಯಾಪ್‌ಗೆ ಒಂದು ಲಾಕ್ ಎಂದರು. ಲೋಡ್ ಹೆಚ್ಚಾದರೆ ಏನಾಗುತ್ತದೆ ಎಂದು ಕೇಳಿದರೂ ಯೂಸರ್‌ಗೊಂದು ಲಾಕ್ ಎಂಬಲ್ಲಿಗೆ ಬರಲಿಲ್ಲ.

ಬಲ ಕಾಲಂ: ಮೂರು ವರ್ಷದ ಅನುಭವದ ಹುದ್ದೆಗೆ ಹೈರ್. ತೋರಿಸಿಕೊಟ್ಟ ಜಾಗದಿಂದ ತಾವೇ ಸರಿಯಾದ ದಾರಿ ಹಿಡಿದರು, ಕೋಡ್ ಓಡಿತು. ಸೀನಿಯರ್ ಹುದ್ದೆಗೆ ಇಲ್ಲ, ಏಕೆಂದರೆ ನಿಮಿಷದ ಗಡಿ ಮತ್ತು ಲಾಕ್ ಎರಡೂ ಜಾಗ ತೋರಿಸಿದ ಮೇಲೆಯೇ ಬಂದವು. ಈ ತೀರ್ಮಾನಕ್ಕೆ ಎದುರು ಸಾಕ್ಷಿ: ಮೆಮೊರಿಯ ಮಾತು ತಾವಾಗಿಯೇ ಎತ್ತಿದರು, ಅದು ಸೀನಿಯರ್ ಲಕ್ಷಣ. ಡಿಸೈನ್ ರೌಂಡಿನಲ್ಲಿ ಕನ್ಕರೆನ್ಸಿಯನ್ನು ತಾವಾಗಿ ಎತ್ತಿದ್ದರೆ ನನ್ನ ಮಾತು ಬದಲಾಗುತ್ತದೆ.

ಆ ಎದುರು ಸಾಕ್ಷಿಯ ಸಾಲನ್ನು ಬಿಡಬೇಡಿ. ಒಂದೂ ಸಿಗಲಿಲ್ಲವೆಂದರೆ ನೀವು ನೋಡಿಲ್ಲ ಎಂದೇ ಅರ್ಥ. ಮುಂದೆ ಯಾರಾದರೂ ಪ್ರಶ್ನಿಸಿದಾಗ ನೋಟ್‌ಗೆ ಬಲ ಬರುವುದು ಅಲ್ಲಿಂದಲೇ. ಬಳಸುವ ಎರಡನೇ ಪ್ರಶ್ನೆಯನ್ನೂ ಸು3ರ ನನ್ನ ವಾಕ್ಯಗಳನ್ನೂ ಇಲ್ಲಿ ಹಾಕುವುದಿಲ್ಲ, ಅವು ಇನ್ನೂ ಚಾಲ್ತಿಯಲ್ಲಿವೆ.

ಅತಿ ಹೆಚ್ಚು ಕೆಡಿಸುವ ಪದ "ಕಮ್ಯುನಿಕೇಶನ್ ವೀಕ್". ಕನ್ನಡ ಮೀಡಿಯಂನಲ್ಲಿ ಓದಿ ಬಂದವರ ನೋಟ್‌ಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಬರೆದವರನ್ನು ಕೇಳಿದರೆ ಕೊನೆಗೆ ಹೊರಬರುವುದು ಉಚ್ಚಾರಣೆ, ಇಲ್ಲವೇ ಇಂಗ್ಲಿಷ್ ತಡವರಿಕೆ. ಕೆಲಸಕ್ಕೆ ಸಂಬಂಧಿಸಿದ ತೊಂದರೆ ನಿಜವಾಗಿಯೂ ಇದ್ದರೆ ಅದನ್ನೇ ಬರೆಯಿರಿ: "ಕ್ಯೂ ಯಾಕೆ ಎಂದು ಮೂರು ಸಲ ಕೇಳಿದೆ, ಮೂರೂ ಸಲ ಕೋಡ್ ಓದಿ ಹೇಳಿದರು, ಕಾರಣ ಹೇಳಲಿಲ್ಲ." ಹಾಗೆ ಬರೆಯಲು ಏನೂ ಸಿಗದಿದ್ದರೆ ಆ ಮಾತೇ ಬೇಡ. ಮದುವೆ, ಮಗು, ವಯಸ್ಸು, ಊರು ಇವು ಅವರಾಗಿಯೇ ಹೇಳಿದರೂ ನೋಟ್‌ಗೆ ಬರಬಾರದು.

ಯೂರೋಪಿನ ಹುದ್ದೆಗಳಿಗೆ ಬೆಂಗಳೂರಿನಿಂದ ಪ್ಯಾನೆಲ್ ಕೂರುವವರಿಗೆ ಇನ್ನೊಂದು ಕಾರಣವೂ ಇದೆ. 2017ರ ಡಿಸೆಂಬರಿನಲ್ಲಿ ನೊವಾಕ್ ಪ್ರಕರಣದಲ್ಲಿ ಯೂರೋಪಿಯನ್ ಯೂನಿಯನ್ನಿನ ನ್ಯಾಯಾಲಯವು ಪರೀಕ್ಷಾರ್ಥಿಯ ಉತ್ತರ ಮಾತ್ರವಲ್ಲ, ಅದರ ಮೇಲೆ ಪರೀಕ್ಷಕರು ಬರೆದ ಟಿಪ್ಪಣಿಯೂ ಪರೀಕ್ಷಾರ್ಥಿಯ ವೈಯಕ್ತಿಕ ದತ್ತಾಂಶ ಎಂದಿತು. ಹಾಗಾಗಿ ಕ್ಯಾಂಡಿಡೇಟ್ ಒಂದು ದಿನ ಇದನ್ನು ತರಿಸಿಕೊಂಡು ಓದುತ್ತಾರೆ ಎಂದುಕೊಂಡೇ ನಾನು ಬರೆಯುತ್ತೇನೆ.

ನಡುವೆ ಎರಡು ಪ್ರಯೋಗ ಮಾಡಿದೆ. ಒಂದು, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಟ್ರಾನ್ಸ್‌ಕ್ರಿಪ್ಟ್ ಇಡುವುದು. ಗಂಟೆಯ ಮಾತು ಹದಿನೈದು ಇಪ್ಪತ್ತು ಪುಟವಾಯಿತು, ಡಿಬ್ರೀಫ್‌ಗೆ ಮುಂಚೆ ಯಾರೂ ಓದಲಿಲ್ಲ. ಕೋಡ್ ಯಾವ ಹೊತ್ತಿಗೆ ಹೇಗಿತ್ತು ಎಂಬುದೂ ಅದರಲ್ಲಿ ಇರಲಿಲ್ಲ. ನಿಲ್ಲಿಸಿದೆ. ಈಗ ಪ್ರತಿ ಸುಳಿವಿಗೆ ಮುಂಚೆ ಕೋಡ್ ಕಾಪಿ ಮಾಡಿ ಇಟ್ಟುಕೊಳ್ಳುತ್ತೇನೆ, ಐದು ಸೆಕೆಂಡಿನ ಕೆಲಸ. ಇನ್ನೊಂದು, ಐದರ ಸ್ಕೇಲ್‌ನಲ್ಲಿ ಮಧ್ಯದ ಮೂರನ್ನು ಕಿತ್ತುಹಾಕಿ ನಾಲ್ಕು ಮಾಡಿದ್ದು. ಇದು ಉಳಿಯಿತು. ಮೂರು ಕೊಡುತ್ತಿದ್ದವರು ಅತ್ತ ಅಥವಾ ಇತ್ತ ವಾಲಲೇಬೇಕಾದಾಗ ಕಾರಣ ಬರೆಯತೊಡಗಿದರು.

ಸಬ್ಮಿಟ್ ಆದ ನೋಟ್ ತಿದ್ದುವುದಿಲ್ಲ. ಡಿಬ್ರೀಫ್‌ನಲ್ಲಿ ಅಭಿಪ್ರಾಯ ಬದಲಾದರೆ ಕೆಳಗೆ ತಾರೀಖು ಹಾಕಿ, ಯಾವ ರೌಂಡಿನ ಯಾವ ಸಾಲು ಬದಲಾಯಿಸಿತು ಎಂದು ಸೇರಿಸುತ್ತೇನೆ. ಹಳೆಯ ರೇಟಿಂಗ್ ಹಾಗೆಯೇ ಮೇಲಿರುತ್ತದೆ.