ಎಐ ಕೊಟ್ಟ ಚೌಕಟ್ಟಿನಿಂದ ನಿಮ್ಮದೇ ವರದಿ ಬರೆಯುವುದು ಹೇಗೆ?

ಹಾವೇರಿ, ಧಾರವಾಡದ ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ತಿದ್ದುತ್ತಿರುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಮೇಲಿನ ವರದಿಗಳೆಲ್ಲ ಈಗ ಒಂದೇ ಥರ: ಪೀಠಿಕೆ, ಮಹತ್ವ, ಸಮಸ್ಯೆಗಳು, ಪರಿಹಾರ. ಎಐ ಕೊಟ್ಟ ತಲೆಬರಹದ ಕೆಳಗೆ ಸುಮ್ನೆ ಪ್ಯಾರಾ ತುಂಬುತ್ತಾ ಹೋಗುತ್ತಾರೆ. ಎಡವುವುದು ಅಲ್ಲೇ.

ಮೊದಲು ಚೌಕಟ್ಟನ್ನು ಪ್ರಿಂಟ್ ತೆಗೆಯಿರಿ. 'ಮೆಣಸಿನಕಾಯಿ' ಇರುವಲ್ಲೆಲ್ಲ 'ಈರುಳ್ಳಿ' ಅಂತ ಓದಿ. ಆಗಲೂ ಸರಿಹೋಗುವ ಸಾಲುಗಳನ್ನು ಹೊಡೆದುಹಾಕಿ. ಮೂಲ ಸಿಗದ ಅಂಕಿ, ಪುಸ್ತಕದ ಹೆಸರೂ ಹೋಗಲಿ. ಇಲ್ಲದ ಪುಸ್ತಕವನ್ನೂ ಎಐ ಹೆಸರಿಸುವುದುಂಟು.

'ಬಣ್ಣ ಚೆನ್ನಾಗಿದ್ದರೆ ದರ ಜಾಸ್ತಿ' ಎಂಬ ಸಾಲು ಉಳಿಯಿತು ಅನ್ನಿ. ಬ್ಯಾಡಗಿ ಕಾಯಿಗೆ ಬೇಡಿಕೆ ಇರುವುದೇ ಬಣ್ಣಕ್ಕೆ, ಖಾರಕ್ಕಲ್ಲ. ಹಾಗಂತ ಸಾಲನ್ನು ನಂಬಿಬಿಡಬೇಡಿ, ಪ್ರಶ್ನೆ ಮಾಡಿಕೊಳ್ಳಿ: ನಮ್ಮೂರಿನ ಕಾಯಿಗೆ ದರ ಕಟ್ಟಿದ್ದು ಬಣ್ಣವೋ, ಒಣಗಿದ ಪರಿಯೋ?

ಈಗ ಮನೆಯವರಿಗೆ, ನೆರೆಯವರಿಗೆ ದಲಾಲಿ ಅಂಗಡಿಯವರು ಕೊಟ್ಟ ಮಾರಾಟದ ಪಟ್ಟಿಗಳನ್ನು ಕೇಳಿ ತನ್ನಿ. ಒಂದೇ ದಿನದ, ಒಂದೇ ತಳಿಯ ಪಟ್ಟಿಗಳನ್ನಷ್ಟೇ ಪಕ್ಕಪಕ್ಕ ಇಡಿ. ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿಯ ಬೇರೆ ಬೇರೆ ತಳಿ, ಒಂದರ ಜೊತೆ ಇನ್ನೊಂದನ್ನು ಸೇರಿಸಬೇಡಿ. ಬೇರೆ ದಿನದ್ದಾದರೆ ಆವಕ ಹೆಚ್ಚಾಗಿದ್ದಕ್ಕೂ ದರ ಇಳಿದಿರಬಹುದು.

ಒಬ್ಬ ರೈತರ ಎರಡು ಲಾಟು, ಎರಡೂ ಡಬ್ಬಿ. ಒಂದಕ್ಕೆ ಕ್ವಿಂಟಲ್‌ಗೆ 22,000 ರೂಪಾಯಿ, ಇನ್ನೊಂದಕ್ಕೆ 17,000 ಬಿದ್ದಿದೆ ಎಂದುಕೊಳ್ಳಿ. ಯಾಕೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಕಾಯಿ ಒಣಗಿಸಿದವರನ್ನೇ ಕೇಳಬೇಕು. 'ಎರಡನೇ ಲಾಟು ಕಣದಲ್ಲಿದ್ದಾಗ ಮಳೆ ಬಂತು, ಕಾಯಿ ಬಿಳಿಚಿಕೊಂಡವು' ಎನ್ನುತ್ತಾರೆ. ಬಣ್ಣವೇ ಕಾರಣ ಎಂದು ಇಲ್ಲಿಗೇ ಮುಗಿಸುವವರು ಬಹಳ. ಆದರೆ ಮಳೆ ಬಣ್ಣವನ್ನೂ ಕೆಡಿಸಿದೆ, ತೇವವನ್ನೂ ಉಳಿಸಿದೆ. ದರ ಇಳಿಸಿದ್ದು ಯಾವುದು? ಬಣ್ಣ ಚೆನ್ನಾಗಿದ್ದೂ ಸರಿಯಾಗಿ ಒಣಗದ ಲಾಟಿನ ಪಟ್ಟಿ ಹುಡುಕಿ. ಅದಕ್ಕೂ ಅದೇ ದಿನ ದರ ಇಳಿದಿದ್ದರೆ ತೇವದ ಪಾತ್ರವೂ ಇದೆ ಎನ್ನಬಹುದು. ಅಂಥದ್ದು ಸಿಗದಿದ್ದರೆ 'ಎರಡನ್ನೂ ಬೇರ್ಪಡಿಸಲು ಆಗಲಿಲ್ಲ' ಎಂದು ಬರೆಯಿರಿ. ಈ ಒಂದು ವಾಕ್ಯಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಎಐ ಬರಹವನ್ನು 'ಮನುಷ್ಯರ ಬರಹ' ಮಾಡಿಕೊಡುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಅವು 'ಬಣ್ಣ'ವನ್ನು 'ವರ್ಣ' ಮಾಡುತ್ತವೆ. ಒಂದು ಪಟ್ಟಿಯನ್ನೂ ತಂದುಕೊಡುವುದಿಲ್ಲ.

ಬರೆಯುವಾಗ ಚೌಕಟ್ಟನ್ನು ಮುಚ್ಚಿಡಿ. ಮೊದಲ ಕರಡು ಕೈಯಲ್ಲೇ ಬರೆಯಿರಿ. ಪೀಠಿಕೆಯಿಂದಲ್ಲ, ಆ ಎರಡು ಪಟ್ಟಿಗಳಿಂದಲೇ ಶುರುಮಾಡಿ. ಬ್ಯಾಡಗಿ ಕಾಯಿಗೆ 2011ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಗೆ ಒಂದು ಸಾಲು ಸಾಕು. ನಿಮ್ಮ ಪಟ್ಟಿಗಳು ಒಂದೇ ಊರಿನವಾದರೆ 'ಹಾವೇರಿ ಜಿಲ್ಲೆಯಲ್ಲಿ' ಎನ್ನಬೇಡಿ, 'ನಮ್ಮೂರಿನ ಈ ಪಟ್ಟಿಗಳಲ್ಲಿ' ಎನ್ನಿ. ರೈತರ ಹೆಸರು ಬೇಡ. ಚೌಕಟ್ಟಿಗೆ ಎಐ ಬಳಸಿದ್ದನ್ನು ವರದಿಯ ಮೊದಲ ಪುಟದಲ್ಲೇ ಹೇಳಿ, ಪಟ್ಟಿಗಳ ನಕಲನ್ನು ಕೊನೆಗೆ ಲಗತ್ತಿಸಿ.